ತುರ್ತು: ಕೊಟೇಶನ್ ನಂ. 047ರ ಮೊತ್ತ ತಪ್ಪಾಗಿದೆ, ದಯವಿಟ್ಟು ಅಡ್ವಾನ್ಸ್ ಹಾಕಬೇಡಿ

ಕಾರ್ಯದರ್ಶಿಗಳಿಗೆ,
ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ, ಜಯನಗರ 4ನೇ ಬ್ಲಾಕ್

ನಮಸ್ಕಾರ ಸರ್,

ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದನ್ನೇ ಲಿಖಿತವಾಗಿ ಕಳಿಸುತ್ತಿದ್ದೇನೆ. ನಿಮ್ಮ ತಾರಸಿಯ ವಾಟರ್‌ಪ್ರೂಫಿಂಗ್‌ಗೆ ಸೋಮವಾರ ಕಳಿಸಿದ ಕೊಟೇಶನ್‌ನಲ್ಲಿ ವಿಸ್ತೀರ್ಣ ತಪ್ಪಾಗಿದೆ. ತಾರಸಿ 50 x 34 ಅಡಿ, ಅಂದರೆ 1,700 ಚದರ ಅಡಿ. ಟೈಪ್ ಮಾಡುವಾಗ ಅದು 1,070 ಆಗಿದೆ. ತಪ್ಪು ಪೂರ್ತಿ ನಮ್ಮದೇ, ಕ್ಷಮಿಸಿ. ಸಾಮಾನಿನ ಪಟ್ಟಿ ಮಾಡುವಾಗ ಸಿಕ್ಕಿಬಿತ್ತು: ಎರಡು ಕೋಟ್‌ಗೆ ಚದರ ಅಡಿಗೆ 100 ಗ್ರಾಂನಂತೆ 170 ಕೆಜಿ ಬೇಕು, 20 ಕೆಜಿಯ ಒಂಬತ್ತು ಬಕೆಟ್. ಕೊಟೇಶನ್ ಲೆಕ್ಕದಲ್ಲಿ ಆರೇ ಬಂದಿತ್ತು.

ಸರಿಯಾದ ಲೆಕ್ಕ ಹೀಗಿದೆ:

ತಾರಸಿ ಕೋಟಿಂಗ್: 1,700 ಚ.ಅಡಿ x ₹62 = ₹1,05,400 (ಮೊದಲು ₹66,340)
ಪ್ಯಾರಾಪೆಟ್ ಬುಡದ ಗೋಲಾ: 168 ರನ್ನಿಂಗ್ ಅಡಿ x ₹45 = ₹7,560 (ಬದಲಾಗಿಲ್ಲ)
ಜಿಎಸ್‌ಟಿ 18%: ₹20,332.80 (ಮೊದಲು ₹13,302)
ಒಟ್ಟು: ₹1,33,293 (ಮೊದಲು ₹87,202)

ವ್ಯತ್ಯಾಸ ₹46,091. ದರ ಒಂದು ರೂಪಾಯಿಯೂ ಏರಿಲ್ಲ. 48 ಗಂಟೆ ನೀರು ನಿಲ್ಲಿಸಿ ಪರೀಕ್ಷೆ, 5 ವರ್ಷದ ಗ್ಯಾರಂಟಿ, ಎಲ್ಲವೂ ಹಾಗೇ ಇವೆ. 40% ಅಡ್ವಾನ್ಸ್ ಮಾತ್ರ ₹34,881ರ ಬದಲು ₹53,317 ಆಗುತ್ತದೆ. ಹಳೆಯ ಮೊತ್ತಕ್ಕೆ ಚೆಕ್ ಬರೆದಿದ್ದರೆ ಕೊಡದೆ ತಡೆಯಿರಿ. ದುಡ್ಡು ಹೋಗಿಬಿಟ್ಟಿದ್ದರೆ ತಿಳಿಸಿ, ಅದೇ ದಿನ ವಾಪಸ್ ಮಾಡುತ್ತೇವೆ. ಬಿಲ್ ಇನ್ನೂ ಕೊಟ್ಟಿಲ್ಲವಾದ್ದರಿಂದ ಕ್ರೆಡಿಟ್ ನೋಟ್ ಗೋಜಿಲ್ಲ.

ಎಂಟು ಮನೆಗೆ ಹಂಚಿದರೆ ಮನೆಗೆ ₹16,662 ಬರುತ್ತದೆ, ₹10,900 ಅಲ್ಲ. ಹಳೆಯ ಪಿಡಿಎಫ್ ವಾಟ್ಸಾಪ್ ಗುಂಪಿಗೆ ಹೋಗಿದ್ದರೆ ಅಲ್ಲೇ ಇದನ್ನೂ ಹಾಕಿಬಿಡಿ. ಒಮ್ಮೆ ಕಡಿಮೆ ಅಂಕಿ ನೋಡಿದವರು ಅದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಇನ್ನೊಂದು ಮಾತು: ಭಾನುವಾರದ ಸಭೆಯಲ್ಲಿ ಬೇರೆಯವರ ಕೊಟೇಶನ್‌ಗಳ ಜೊತೆ ಹೋಲಿಸುವಾಗ ಹೊಸ ಮೊತ್ತವನ್ನೇ ಇಡಿ. ನಮ್ಮ ತಪ್ಪು ಅಂಕಿಯ ಎದುರು ದುಬಾರಿ ಕಂಡರೆಂದು ಯಾರನ್ನಾದರೂ ಈಗಾಗಲೇ ಬಿಟ್ಟಿದ್ದರೆ, ಮತ್ತೆ ಪಟ್ಟಿಗೆ ಸೇರಿಸಿಕೊಳ್ಳುವುದು ನ್ಯಾಯ.

ಹಳೆಯ ಮೊತ್ತಕ್ಕೆ ಎಷ್ಟಾಗುತ್ತೋ ಅಷ್ಟೇ ಮಾಡಿ ಎಂಬ ಮಾತು ಸಭೆಯಲ್ಲಿ ಬರಬಹುದು. 1,070 ಚದರ ಅಡಿಗೆ ನಿಲ್ಲಿಸಿದರೆ ಕೋಟಿಂಗ್ ಮುಗಿದ ಅಂಚಿನಿಂದಲೇ ನೀರು ಕೆಳಗೆ ಇಳಿಯುತ್ತದೆ, ಸೋರುವ ಜಾಗ ಬದಲಾಗುತ್ತದೆ ಅಷ್ಟೆ. ಹಾಗೆ ಮಾಡಿದ ಕೆಲಸಕ್ಕೆ ನಾವು ಗ್ಯಾರಂಟಿ ಕೊಡಲಾರೆವು. ಬಜೆಟ್ ಸಾಲದಿದ್ದರೆ ಈ ಕೆಲಸ ನಮಗೆ ಬೇಡ ಎನ್ನಲು ನಿಮಗೆ ಪೂರ್ತಿ ಹಕ್ಕಿದೆ. ಸೈಟ್ ಅಳತೆಗೆ ಚಾರ್ಜ್ ಇಲ್ಲ.

ತಿದ್ದಿದ ಕೊಟೇಶನ್ 047-ಎ ಮತ್ತು ಎಂಜಿನಿಯರ್ ಸೈಟಿನಲ್ಲಿ ಬರೆದ ಅಳತೆ ಹಾಳೆ ಲಗತ್ತಿಸಿದ್ದೇನೆ. ಟೇಪ್ ಹಿಡಿದು ನೀವೇ ಒಮ್ಮೆ ಅಳೆದು ನೋಡಿದರೆ ಇನ್ನೂ ಒಳ್ಳೆಯದು. 047 ರದ್ದಾಗಿದೆ, 047-ಎ ಇಂದಿನಿಂದ 30 ದಿನ ಚಾಲ್ತಿಯಲ್ಲಿರುತ್ತದೆ. ತಲುಪಿತು ಎಂದು ಇವತ್ತೇ ಒಂದು ಸಾಲು ಉತ್ತರಿಸಿ. ಸಂಜೆ 5ರೊಳಗೆ ಬರದಿದ್ದರೆ ನಾನೇ ಮತ್ತೆ ಫೋನ್ ಮಾಡುತ್ತೇನೆ.

ವಂದನೆಗಳೊಂದಿಗೆ,
ಎಸ್ಟಿಮೇಷನ್ ವಿಭಾಗ