ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಲಾ? ತಿಂದು ಇದ್ದದ್ದು ಇದ್ದ ಹಾಗೆ ಹೇಳಿ

ಸ್ಮಿತಾ ಅವರೇ, ನಮಸ್ಕಾರ.

ನಾನು ಸುಜಾತಾ, ಸಿದ್ದಾಪುರ ತಾಲ್ಲೂಕಿನವಳು. ನಾನೂ ನಮ್ಮ ಅತ್ತೆಯೂ ಸೇರಿ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ನಿಮಗೆ ಅರ್ಧ ಕೆಜಿಯ ಒಂದು ಬಾಟಲಿ ಉಚಿತವಾಗಿ ಕಳಿಸಬೇಕು ಅಂತಿದ್ದೇನೆ, ಕೊರಿಯರ್ ಖರ್ಚೂ ನಮ್ಮದೇ. ತಿಂದು ನೋಡಿ, ನಿಮಗೆ ಅನಿಸಿದ್ದನ್ನು ಹೇಳಿ. ಕೇಳುತ್ತಿರುವುದು ಇಷ್ಟೇ.

ನಿಮ್ಮನ್ನೇ ಯಾಕೆ ಕೇಳಿದೆ ಅಂದ್ರೆ, ಹಪ್ಪಳದ ವಿಡಿಯೋದಲ್ಲಿ ನೀವು ಕಳಿಸಿದವರ ಹೆಸರು ಹೇಳಿ, ಥ್ಯಾಂಕ್ಸ್ ಹೇಳಿ, ಆಮೇಲೆ "ಸೋಡಾ ಜಾಸ್ತಿ ಆಗಿದೆ, ನಾನು ಮತ್ತೆ ತಗೊಳ್ಳಲ್ಲ" ಅಂತ ನೇರವಾಗಿ ಹೇಳಿದ್ರಲ್ಲ, ಅದು ನನಗೆ ತುಂಬ ಹಿಡಿಸಿತು. ನಮ್ಮ ಉಪ್ಪಿನಕಾಯಿಯನ್ನು ಇಲ್ಲಿಯವರೆಗೆ ತಿಂದವರು ಹೆಚ್ಚಾಗಿ ಮಲೆನಾಡಿನವರು, ಇಲ್ಲಾ ನೆಂಟರು. ಅವರಿಗೆ ಈ ರುಚಿ ಹುಟ್ಟಿನಿಂದ ಗೊತ್ತು. ಎಣ್ಣೆ ತೇಲುವ ಮಾವಿನ ಹೋಳಿನ ಉಪ್ಪಿನಕಾಯಿ ತಿಂದು ಬೆಳೆದವರಿಗೆ ಇದು ಹೇಗನಿಸುತ್ತೆ ಅಂತ ನನಗೆ ತಿಳಿಯಬೇಕು. ನೀವು ಬಯಲುಸೀಮೆಯವರು, ಅಪ್ಪೆಮಿಡಿ ತಿಂದೇ ಇಲ್ಲ ಅಂತ ಒಮ್ಮೆ ಹೇಳಿದ್ದಿರಿ.

ಸ್ವಲ್ಪ ನಮ್ಮ ಮಾಲಿನ ಬಗ್ಗೆ ಹೇಳುತ್ತೇನೆ. ಅಪ್ಪೆ ಅಂದ್ರೆ ನಮ್ಮ ಕಡೆ ಹೊಳೆದಂಡೆಯಲ್ಲಿ, ಕಾಡಂಚಿನಲ್ಲಿ ತಾನಾಗೇ ಬೆಳೆಯುವ ಮಾವು. ನಮಗೆ ಬರುವ ಮಿಡಿ ಅಘನಾಶಿನಿ ಆಸುಪಾಸಿನ ಮರಗಳದ್ದು. ಒಂದೊಂದು ಮರಕ್ಕೂ ಒಂದೊಂದು ಪರಿಮಳ ಇರುತ್ತೆ, ನಾವು ಹಾಕುವುದು ಜೀರಿಗೆ ವಾಸನೆಯದು. ಮಿಡಿಯ ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದಲ್ವಾ, ಆ ಪರಿಮಳವೆಲ್ಲ ಅದರಲ್ಲೇ ಇರೋದು. ಅದಕ್ಕೇ ಮರ ಹತ್ತಿ ಗೊಂಚಲು ಗೊಂಚಲಾಗಿ, ತೊಟ್ಟಿನ ಸಮೇತ ಕೊಯ್ಯಬೇಕು. ಕೆಳಗೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ಮೆತ್ತಗಾಗುತ್ತದೆ, ಅದನ್ನು ನಾವು ತಗೊಳ್ಳುವುದೇ ಇಲ್ಲ. ಕಲ್ಲುಪ್ಪಿನಲ್ಲಿ ಹಾಕಿ, ಮೇಲೆ ಭಾರ ಇಟ್ಟು, ಮಿಡಿ ಚಿರುಟುವವರೆಗೆ ಕಾಯುತ್ತೇವೆ. ಆಮೇಲೆ ಬಿಟ್ಟುಕೊಂಡ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲಿ ಸಾಸಿವೆ, ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ ಕಲಸುತ್ತೇವೆ. ವಿನೆಗರ್ ಇಲ್ಲ, ಎಣ್ಣೆಯೂ ಇಲ್ಲ. ಬಾಟಲಿ ತೆಗೆದಾಗ ಸುಕ್ಕುಗಟ್ಟಿದ ಮಿಡಿ ಕಂಡರೆ ಹಾಳಾಗಿದೆ ಅಂದುಕೊಳ್ಳಬೇಡಿ, ಅದು ಇರಬೇಕಾದದ್ದೇ ಹಾಗೆ. ಮೊಸರನ್ನದ ಜೊತೆ ಮೊದಲು ತಿನ್ನಿ, ಮಿಡಿ ಕಚ್ಚಿದರೆ ಕರುಂ ಅನ್ನಬೇಕು.

ಮೂರು ವಿಷಯದಲ್ಲಿ ನಿಮ್ಮ ಮಾತು ನನಗೆ ಮುಖ್ಯ: ಉಪ್ಪು ಜಾಸ್ತಿ ಅನಿಸುತ್ತಾ, ದಾರಿಯಲ್ಲಿ ಬಾಟಲಿ ಸೋರಿತಾ, ಮತ್ತೆ ಅರ್ಧ ಕೆಜಿಗೆ 320 ರೂಪಾಯಿ ಸರಿಯಾ. ಬೆಲೆ ಜಾಸ್ತಿ ಅಂತ ಅನಿಸಿದರೆ ವಿಡಿಯೋದಲ್ಲೇ ಹಾಗಂತ ಹೇಳಿ. ಹಾಕುವ ಮುಂಚೆ ನನಗೆ ತೋರಿಸುವುದು ಬೇಡ, ಹಾಕಿದ ಮೇಲೆ ತೆಗೆಯಿರಿ ಅಂತಲೂ ಕೇಳುವುದಿಲ್ಲ. ವಿಡಿಯೋ ಮಾಡುವಷ್ಟು ವಿಷಯ ಇಲ್ಲ ಅನಿಸಿದರೆ ಇಲ್ಲೇ ಎರಡು ಸಾಲು ಬರೆದು ಕಳಿಸಿ, ಸಾಕು.

ಒಂದು ಮಾತ್ರ ಮರೆಯಬೇಡಿ. ಬಾಟಲಿ ಉಚಿತವಾಗಿ ಬಂದದ್ದು ಅಂತ ಶುರುವಿನಲ್ಲೇ ಹೇಳಿಬಿಡಿ. ದುಡ್ಡು ಕೊಡದೆ ಬರೀ ವಸ್ತು ಕೊಟ್ಟಿದ್ದರೂ ಅದನ್ನು ನೋಡುವವರಿಗೆ ತಿಳಿಸಬೇಕು ಅಂತ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಮಾರ್ಗಸೂಚಿ ತಂದಿದೆ. ನಿಯಮ ಇಲ್ಲದಿದ್ದರೂ ನಾನು ಇದನ್ನೇ ಕೇಳುತ್ತಿದ್ದೆ, ನಿಮ್ಮನ್ನು ನಂಬಿ ಕೊಳ್ಳುವವರಿಗೆ ಅದು ಗೊತ್ತಿರಬೇಕು.

ಇನ್ನೊಂದು. ನಿಮಗೆ ಅಂತ ಚೆನ್ನಾಗಿರುವುದನ್ನೇ ಆರಿಸಿ ಕಳಿಸುತ್ತಾರೆ ಅನ್ನುವ ಅನುಮಾನ ಯಾರಿಗಾದರೂ ಬರುತ್ತೆ, ಬರಬೇಕು ಕೂಡ. ಹಾಗಾಗಿ ಬೇಕಾದರೆ ನಿಮ್ಮ ಪರಿಚಯದವರ ಹೆಸರಿನಲ್ಲಿ, ಅವರ ವಿಳಾಸಕ್ಕೆ ಮಾಮೂಲಿಯಂತೆ ಆರ್ಡರ್ ಮಾಡಿಸಿ. ಬಾಟಲಿ ಕೈಸೇರಿದ ಮೇಲೆ ಬಿಲ್ಲಿನ ಫೋಟೋ ಕಳಿಸಿ, ಪೂರ್ತಿ ದುಡ್ಡು ವಾಪಸ್ ಹಾಕುತ್ತೇನೆ.

ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ, ಹಾಕಿದ ತಿಂಗಳು, ಏನೇನು ಸೇರಿಸಿದ್ದೇವೆ ಎಲ್ಲ ಇದೆ. ಮನೆಯಲ್ಲಿ ಯಾರಿಗಾದರೂ ಸಾಸಿವೆ ಆಗದಿದ್ದರೆ ಅಥವಾ ಬಿಪಿಗೆ ಉಪ್ಪು ಕಡಿಮೆ ಮಾಡಿದ್ದರೆ ಅವರಿಗೆ ಇದು ಬೇಡ.

ಒಪ್ಪಿಗೆ ಇದ್ದರೆ ವಿಳಾಸ, ಪಿನ್‌ಕೋಡ್ ಕಳಿಸಿ. ಸೋಮವಾರ ಇಲ್ಲಿಂದ ಪಾರ್ಸೆಲ್ ಹೋಗುತ್ತದೆ. ಬೇಡ ಅಂದ್ರೂ ಒಂದು ಮಾತು ಹೇಳಿ, ಬೇಜಾರಿಲ್ಲ.

ಸುಜಾತಾ