ಮೇಲಿನ ಮನೆಯ ಕರೆಂಟ್ ಲೋಡ್ ಮತ್ತು ಇನ್ವರ್ಟರ್ ವಿಷಯ

ಕಲಬುರಗಿ
18 ಜನವರಿ 2026

ಶರಣಪ್ಪ ಕಾಕಾ ಅವರಿಗೆ,

ಶರಣು. ನೀವು, ಕಾಕು ಇಬ್ಬರೂ ಹೈದರಾಬಾದಿನಲ್ಲಿ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ನಿಮ್ಮ ಕೆಳಗಿನ ಮನೆ ಕೀಲಿ ಹಾಕಿದ ಹಾಗೇ ಇದೆ. ತುಳಸಿಗೆ ನಮ್ಮವಳು ದಿನಾ ನೀರು ಹಾಕುತ್ತಾಳೆ.

ಮೊನ್ನೆ ಫೋನಿನಲ್ಲಿ ಮೇಲಿನ ಮನೆಯ ಲೋಡ್ ಹೆಚ್ಚಿಸುವ, ಇನ್ವರ್ಟರ್ ಇಡುವ ವಿಷಯ ತೆಗೆದಾಗ ನೀವು, 'ಇದೆಲ್ಲ ಬಾಯಿಮಾತಲ್ಲಿ ಬೇಡಪ್ಪಾ, ಲೆಕ್ಕ ಸಮೇತ ಬರೆದು ಕಳಿಸು, ಮಗನಿಗೂ ತೋರಿಸ್ತೀನಿ' ಅಂದಿರಿ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಈಗ ಏನಾಗಿದೆ ಅಂತ ಹೇಳುತ್ತೇನೆ. ಮೇಲಿನ ಮನೆಯ ಬಿಲ್‌ನಲ್ಲಿ ಮಂಜೂರಾದ ಲೋಡ್ 1 ಕಿಲೋವ್ಯಾಟ್ ಅಂತಿದೆ. ನಮ್ಮ ಇಸ್ತ್ರಿ ಪೆಟ್ಟಿಗೆ ಒಂದೇ 1,000 ವ್ಯಾಟ್. ಗೀಸರ್ 2,000. ಅಂದರೆ ಗೀಸರ್ ಹಾಕಿದ ದಿನವೆಲ್ಲ ನಾವು ಲೆಕ್ಕ ಮೀರಿಯೇ ಬದುಕುತ್ತಿದ್ದೇವೆ. ನೀವು ಮೇಲಂತಸ್ತು ಕಟ್ಟಿಸಿದಾಗ ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿವಿಗೆ ಅಷ್ಟು ಸಾಕಾಗಿತ್ತು. ಆಗ ಅದು ತಪ್ಪೇನಲ್ಲ.

ಡಿಸೆಂಬರ್ ಕೊನೆಯಲ್ಲಿ ಒಂದು ಸಂಜೆ ಮೆಟ್ಟಿಲ ಹತ್ತಿರ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಮೇನ್ ಆಫ್ ಮಾಡಿ ವೈರ್‌ಮನ್‌ನನ್ನು ಕರೆಸಿದೆ. ಅವನು ಮೀಟರ್ ಪಕ್ಕದ ಫ್ಯೂಜ್ ಬಿಚ್ಚಿ ನನ್ನ ಕೈಗೇ ಕೊಟ್ಟ. ಒಳಗೆ ಫ್ಯೂಜ್ ತಂತಿಯೇ ಇರಲಿಲ್ಲ. ಯಾರೋ ತಾಮ್ರದ ತಂತಿಯನ್ನು ಮೂರು ಸುತ್ತು ಸುತ್ತಿ ಇಟ್ಟಿದ್ದರು. ಪಿಂಗಾಣಿ ಬಿರುಕು ಬಿಟ್ಟಿತ್ತು, ಹಳೇ ಅಲ್ಯೂಮಿನಿಯಂ ವೈರಿನ ತುದಿ ಕರ್ರಗಾಗಿ, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಹಾಗೆ ಸುತ್ತಿದ್ದರೆ ಲೋಡ್ ಎಷ್ಟಾದರೂ ಫ್ಯೂಜ್ ಹೋಗುವುದಿಲ್ಲ, ಅದರ ಬದಲು ವೈರ್ ಸುಡುತ್ತದೆ. ನಮಗಿಂತ ಮುಂಚೆ ಇದ್ದವರು ಪದೇಪದೇ ಫ್ಯೂಜ್ ಹೋಗುತ್ತೆ ಅಂತ ಮಾಡಿರಬೇಕು. ಅದನ್ನು ಆವತ್ತೇ ತೆಗೆಸಿ ಸದ್ಯಕ್ಕೆ ಒಂದು 16 ಆಂಪಿಯರ್ ಎಂಸಿಬಿ ಹಾಕಿಸಿದೆ. 450 ರೂಪಾಯಿ ಆಯಿತು, ಅದನ್ನು ನಾನು ಕೇಳುತ್ತಿಲ್ಲ.

ಅರ್ಥಿಂಗ್ ಕಥೆ ಇನ್ನೊಂದು. ಅರ್ಥ್ ವೈರನ್ನು ನೀರಿನ ನಲ್ಲಿಯ ಪೈಪಿಗೆ ಕಟ್ಟಿದ್ದಾರೆ. ಆ ಪೈಪನ್ನು ನೀವೇ ಪ್ಲಾಸ್ಟಿಕ್ಕಿಗೆ ಬದಲಾಯಿಸಿ ವರ್ಷಗಳಾದವು, ಅಲ್ವಾ? ಅಂದರೆ ಈಗ ಅದು ಎಲ್ಲಿಗೂ ಹೋಗುವುದಿಲ್ಲ. ಸುಮ್ನೆ ನೇತಾಡುತ್ತಿದೆ. ಫ್ರಿಜ್ ಮುಟ್ಟಿದರೆ ಜುಂ ಅನ್ನುತ್ತೆ ಅಂತ ಮಗಳು ಹೇಳುತ್ತಿದ್ದಾಗ ನಾನು ನಂಬಿರಲಿಲ್ಲ.

ಇನ್ನು ಲೋಡ್ ಏಕೆ ಜಾಸ್ತಿ ಬೇಕು ಅಂದರೆ, ಅಪ್ಪನಿಗೋಸ್ಕರ. ಅವರಿಗೆ ಈಗ 74. ದಮ್ಮಿನ ತೊಂದರೆ ನಿಮಗೆ ಗೊತ್ತು. ಅವರ ಕೋಣೆ ಪಡುವಣಕ್ಕಿದೆ, ಮೇಲೆ ಬರೀ ಸ್ಲ್ಯಾಬ್. ನಮ್ಮೂರ ಮೇ ತಿಂಗಳು ನಿಮಗೆ ಹೇಳಬೇಕಾಗಿಲ್ಲ, 42, 43 ಡಿಗ್ರಿ. ಸಂಜೆ ಏಳಕ್ಕೂ ಗೋಡೆಗೆ ಕೈ ಇಡಲು ಆಗುವುದಿಲ್ಲ. ಹೋದ ವರ್ಷ ಕೂಲರ್ ಇಟ್ಟೆವು. ತಂಪೇನೋ ಆಗುತ್ತದೆ, ಆದರೆ ಆ ತೇವದ ಗಾಳಿಗೆ ಅವರಿಗೆ ಕೆಮ್ಮು ಜಾಸ್ತಿ ಆಯಿತು. ಡಾಕ್ಟರು ಕೂಲರ್ ಬೇಡ ಅಂದರು. ಹಾಗಾಗಿ ಅವರ ಕೋಣೆಗೆ ಒಂದೂವರೆ ಟನ್ನಿನ ಎಸಿ ಹಾಕಿಸಬೇಕು ಅಂತಿದ್ದೇನೆ. ಅದಕ್ಕೆ ಸುಮಾರು 1,600 ವ್ಯಾಟ್. ಫ್ರಿಜ್, ಫ್ಯಾನು, ಲೈಟು, ಮಿಕ್ಸರ್ ಎಲ್ಲ ಸೇರಿ ಇನ್ನೊಂದು ಸಾವಿರದಷ್ಟು. ಅದಕ್ಕೇ 3 ಕಿಲೋವ್ಯಾಟ್ ಕೇಳುತ್ತಿದ್ದೇನೆ. ಗೀಸರ್ ಮತ್ತು ಎಸಿ ಒಟ್ಟಿಗೆ ನಡೆಯುವ ಪ್ರಶ್ನೆ ಬರುವುದಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಟ್ಯಾಂಕೇ ನಮಗೆ ಗೀಸರ್!

ಲೈಸನ್ಸ್ ಇರುವ ಗುತ್ತಿಗೆದಾರರೊಬ್ಬರನ್ನು ಕರೆಸಿ ತೋರಿಸಿದೆ. ಅವರು ಬರೆದು ಕೊಟ್ಟ ಅಂದಾಜು ಇದರ ಜೊತೆಗಿದೆ. ಮೀಟರ್‌ನಿಂದ ಮೇಲಿನವರೆಗೆ ಹೊಸ ತಾಮ್ರದ ಮೇನ್ ವೈರು, ಹೊಸ ಬೋರ್ಡು, ಎಂಸಿಬಿಗಳು, ಶಾಕ್ ಹೊಡೆದರೆ ತಾನೇ ಟ್ರಿಪ್ ಆಗುವ ಆರ್‌ಸಿಸಿಬಿ ಸೇರಿ 9,800 ರೂಪಾಯಿ. ಹೊಸ ಅರ್ಥಿಂಗ್ ಗುಂಡಿ 4,500. ಎಸಿಗೆ ಬೇರೆ ವೈರು, ಬೇರೆ ಸ್ವಿಚ್ಚು 3,200. ಜೆಸ್ಕಾಂಗೆ ಕಟ್ಟುವ ಡಿಪಾಜಿಟ್ ಮತ್ತು ಅರ್ಜಿ ಶುಲ್ಕ ಅವರು ಕೊಡುವ ನೋಟೀಸಿನಲ್ಲಿ ಎಷ್ಟಿರುತ್ತದೋ ಅಷ್ಟು.

ಹಂಚಿಕೆ ಹೀಗೆ ಮಾಡೋಣ ಅಂತ ನನ್ನ ಮನಸ್ಸಿನಲ್ಲಿದೆ. ಅರ್ಥಿಂಗ್ ಪೂರ್ತಿ ನಿಮ್ಮದು. ಎಸಿ ಇರಲಿ ಬಿಡಲಿ, ಯಾರೇ ಬಾಡಿಗೆಗೆ ಬರಲಿ, ಅದು ಈ ಮನೆಗೆ ಬೇಕೇ ಬೇಕು. ಮೇನ್ ವೈರು, ಬೋರ್ಡು ಅರ್ಧ ನಿಮ್ಮದು, ಅರ್ಧ ನನ್ನದು. ಹಳೇ ವೈರು ಹೇಗೂ ಬದಲಾಗಬೇಕಿತ್ತು, ಆದರೆ ಇಷ್ಟು ದಪ್ಪ ವೈರು ಬೇಕಾಗಿರುವುದು ನನ್ನಿಂದ. ಎಸಿಯ ವೈರಿಂಗ್ ಪೂರ್ತಿ ನನ್ನದು. ಬಿಟ್ಟು ಹೋಗುವಾಗ ಕಿತ್ತುಕೊಂಡು ಹೋಗುವುದಿಲ್ಲ, ಅದು ಗೋಡೆಯಲ್ಲೇ ಇರುತ್ತದೆ. ಎಸಿ ಮಾತ್ರ ಒಯ್ಯುತ್ತೇನೆ, ಗೋಡೆಯ ತೂತಿಗೆ ಸಿಮೆಂಟು ಹಾಕಿ ಬಣ್ಣ ಬಳಿಸಿ ಕೊಡುತ್ತೇನೆ.

ಇದರಂತೆ ನಿಮ್ಮ ಪಾಲು 4,500 ಮತ್ತು 4,900, ಒಟ್ಟು 9,400. ಅದನ್ನು ನೀವು ಈಗ ಕಳಿಸಬೇಕಾಗಿಲ್ಲ. ಪೂರ್ತಿ ನಾನೇ ಕೊಡುತ್ತೇನೆ. ಏಪ್ರಿಲ್‌ನಿಂದ ನಾಲ್ಕು ತಿಂಗಳು 9,000 ಬಾಡಿಗೆಯಲ್ಲಿ 2,350 ಹಿಡಿದು 6,650 ಹಾಕುತ್ತೇನೆ. ಆಗಸ್ಟ್‌ನಿಂದ ಮೊದಲಿನ ಹಾಗೇ.

ಡಿಪಾಜಿಟ್ ಮಾತ್ರ ಸ್ವಲ್ಪ ಬೇರೆ. ಅದು ಮೀಟರಿನ ಆರ್.ಆರ್. ನಂಬರಿಗೆ ಸೇರಿದ್ದು, ನಾನು ಹೋದ ಮೇಲೂ ನಿಮಗೇ ಉಳಿಯುತ್ತದೆ. ಈಗ ನಾನು ಕಟ್ಟುತ್ತೇನೆ. ಮನೆ ಖಾಲಿ ಮಾಡುವಾಗ ನನ್ನ ಅಡ್ವಾನ್ಸ್ ಜೊತೆ ಅಷ್ಟನ್ನು ಸೇರಿಸಿ ಕೊಟ್ಟುಬಿಡಿ. ರಸೀದಿ ಇಟ್ಟುಕೊಂಡಿರುತ್ತೇನೆ.

ತಿಂಗಳ ಬಿಲ್‌ನ ಚಿಂತೆ ನಿಮಗೆ ಬೇಡ. ಲೋಡ್ ಹೆಚ್ಚಾದರೆ ಫಿಕ್ಸೆಡ್ ಚಾರ್ಜೂ ಕಿಲೋವ್ಯಾಟ್ ಲೆಕ್ಕದಲ್ಲೇ ಹೆಚ್ಚುತ್ತದೆ, ಒಂದಿದ್ದದ್ದು ಮೂರಾಗುತ್ತದೆ. ಅದು ನನ್ನದೇ. ಎಸಿ ನಡೆದ ತಿಂಗಳು 200 ಯೂನಿಟ್ ದಾಟಿದರೆ ಗೃಹಜ್ಯೋತಿ ಸಿಗುವುದಿಲ್ಲ, ಪೂರ್ತಿ ಬಿಲ್ ಬರುತ್ತದೆ ಅನ್ನುವುದೂ ಗೊತ್ತಿದೆ. ಹಿಂದಿನವರು ಬಿಲ್ ಬಾಕಿ ಬಿಟ್ಟು ಹೋಗಿದ್ದರಿಂದ ನಿಮಗೆ ಆದ ತಾಪತ್ರಯ ನೀವೇ ಹೇಳಿದ್ದಿರಿ. ಪ್ರತಿ ತಿಂಗಳು ಕಟ್ಟಿದ ತಕ್ಷಣ ರಸೀದಿಯ ಫೋಟೋ ಕಳಿಸುತ್ತೇನೆ.

ಈಗ ಇನ್ವರ್ಟರ್ ಮಾತು. ಎಸಿಯನ್ನು ಇನ್ವರ್ಟರ್ ಮೇಲೆ ನಡೆಸಬಹುದಲ್ಲ, ಲೋಡ್ ಏಕೆ ಅಂತ ನಿಮ್ಮ ಮಗ ಕೇಳಿದನಂತೆ. ಸಣ್ಣ ಇನ್ವರ್ಟರ್‌ಗೆ ಎಸಿ ತಡೆಯುವುದಿಲ್ಲ. ಅದು ಕರೆಂಟ್ ಹೋದಾಗ ಮೂರು ಫ್ಯಾನು, ನಾಲ್ಕು ಎಲ್‌ಇಡಿ ಲೈಟು, ವೈಫೈಗೆ ಅಷ್ಟೇ. ಎಲ್ಲ ಸೇರಿ 270 ವ್ಯಾಟ್. 150 ಎಎಚ್ ಬ್ಯಾಟರಿ ಇದ್ದರೆ ಸುಮಾರು ನಾಲ್ಕು ತಾಸು ಬರುತ್ತದೆ. ಅಪ್ಪನ ನೆಬ್ಯುಲೈಸರ್‌ಗೆ ಹತ್ತು ನಿಮಿಷ ಕೊಟ್ಟರೂ ತೊಂದರೆ ಇಲ್ಲ. ಹೋದ ಜೂನ್‌ನಲ್ಲಿ ಮಳೆಗಾಳಿಗೆ ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಗಿ, ಅದೇ ಹೊತ್ತಿಗೆ ಅವರಿಗೆ ಉಸಿರು ಕಟ್ಟಿತು. ನೆಬ್ಯುಲೈಸರ್ ಎತ್ತಿಕೊಂಡು ಎರಡು ಓಣಿ ಆಚೆ ಇನ್ವರ್ಟರ್ ಇರುವವರ ಮನೆಗೆ ಓಡಿದ್ದೆವು. ಅಪ್ಪ ಅವರ ಪಡಸಾಲೆಯಲ್ಲಿ ಕೂತು ಮಾಸ್ಕ್ ಹಿಡಿದಿದ್ದು ಇನ್ನೂ ಕಣ್ಣ ಮುಂದಿದೆ.

ನೀವು ಫೋನಿನಲ್ಲಿ, 'ಒಂದೇ ಇನ್ವರ್ಟರ್ ತಗೊಂಡು ಕೆಳಗೂ ಒಂದು ಲೈನ್ ಕೊಡು, ಅರ್ಧ ದುಡ್ಡು ನಾನು ಹಾಕ್ತೀನಿ' ಅಂದಿರಿ. ನಿಮ್ಮ ದೊಡ್ಡ ಮನಸ್ಸು. ಆದರೆ ಅದು ಬೇಡ ಕಾಕಾ. ಮೇಲೆ ಕೆಳಗೆ ಮೀಟರ್ ಬೇರೆ ಬೇರೆ. ಒಂದು ಇನ್ವರ್ಟರ್‌ನಿಂದ ಎರಡೂ ಕಡೆ ಲೈನ್ ಎಳೆದರೆ ಎರಡು ಮೀಟರ್‌ಗಳ ನ್ಯೂಟ್ರಲ್ ಸೇರಿಕೊಳ್ಳುತ್ತದೆ. ಆಮೇಲೆ ಆರ್‌ಸಿಸಿಬಿ ಕಾರಣವಿಲ್ಲದೆ ಟ್ರಿಪ್ ಆಗುತ್ತಿರುತ್ತದೆ. ಯೂನಿಟ್ ಲೆಕ್ಕವೂ ಕಲಸಿಹೋಗುತ್ತದೆ. ಗುತ್ತಿಗೆದಾರರೂ ಆಗಲ್ಲ ಅಂದರು.

ಹಾಗಾಗಿ ಇನ್ವರ್ಟರ್ ಪೂರ್ತಿ ನನ್ನದೇ ಇರಲಿ. ಬ್ಯಾಟರಿ, ಟ್ರಾಲಿ, ವೈರಿಂಗ್ ಸೇರಿ 24,500 ಹೇಳಿದ್ದಾರೆ. ನಿಮ್ಮಿಂದ ಬೇಕಾಗಿರುವುದು ಒಪ್ಪಿಗೆ ಮತ್ತು ಜಾಗ. ಮೆಟ್ಟಿಲ ತಿರುವಿನಲ್ಲಿ, ಜಾಲಿ ಕಿಟಕಿಯ ಕೆಳಗೆ ಇಡಬೇಕು ಅಂತಿದ್ದೇನೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಗ್ಯಾಸ್ ಬರುತ್ತದೆ, ಮಲಗುವ ಕೋಣೆಯಲ್ಲಿ ಇಡಬಾರದು. ಅಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ. ಆಸಿಡ್ ಚೆಲ್ಲಿದರೆ ನಿಮ್ಮ ಶಹಾಬಾದ್ ಕಲ್ಲಿನ ಹಾಸು ಬೆಳ್ಳಗಾಗಿ ಕೆಡುತ್ತದೆ ಅಂತ ಟ್ರಾಲಿಯ ಕೆಳಗೆ ದಪ್ಪ ಪ್ಲಾಸ್ಟಿಕ್ ತಟ್ಟೆ ಇಡುತ್ತೇನೆ. ಬ್ಯಾಟರಿಗೆ ನೀರು ಹಾಕುವ ಕೆಲಸ ನನ್ನದು.

ನಾವು ಹೋಗುವಾಗ ಅದನ್ನು ನೀವೇ ಇಟ್ಟುಕೊಳ್ಳಬೇಕು ಅನ್ನಿಸಿದರೆ, ವರ್ಷಕ್ಕೆ ಕಾಲು ಭಾಗ ಕಳೆದು ಉಳಿದದ್ದು ಕೊಡಿ. ನಾಲ್ಕು ವರ್ಷ ದಾಟಿದ್ದರೆ ಏನೂ ಬೇಡ, ಬ್ಯಾಟರಿ ಆ ಹೊತ್ತಿಗೆ ಸುಸ್ತಾಗಿರುತ್ತದೆ.

ಒಂದು ತೊಡಕು ಮಾತ್ರ ನಿಮ್ಮಿಂದಲೇ ಬಿಡಿಸಬೇಕಾದದ್ದು. ಮೇಲಿನ ಮನೆಯ ಆರ್.ಆರ್. ನಂಬರ್ ಇನ್ನೂ ನಿಮ್ಮ ಅಪ್ಪಾಜಿಯವರ ಹೆಸರಿನಲ್ಲಿದೆ. ಬಿಲ್ ನೋಡಿದಾಗ ನನಗೂ ಗೊತ್ತಾಯಿತು. ಮೊದಲು ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಂಡು ಲೋಡ್ ಅರ್ಜಿ ಕೊಡೋಣ ಅಂತ ಗುತ್ತಿಗೆದಾರರ ಸಲಹೆ. ಅದಕ್ಕೆ ಅಪ್ಪಾಜಿಯವರ ಮರಣ ಪ್ರಮಾಣಪತ್ರ, ಮನೆಯ ಈ ವರ್ಷದ ತೆರಿಗೆ ರಸೀದಿ, ನಿಮ್ಮ ಆಧಾರ್ ಪ್ರತಿ ಕಳಿಸಿ. ಓಡಾಟ ನನ್ನದು, ನೀವು ಸಹಿ ಹಾಕಿದರೆ ಸಾಕು. ಈ ಹೆಸರು ಬದಲಾವಣೆಯ ಖರ್ಚು ನಿಮ್ಮದು ಅಂದುಕೊಳ್ಳುತ್ತೇನೆ, ಅದು ಸರಿ ಅಲ್ವಾ?

ಇಷ್ಟೆಲ್ಲ ಈಗ ಬೇಡ ಅನ್ನಿಸಿದರೆ ಎಸಿ ಮಾತು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತೇನೆ. ಆದರೆ ಅರ್ಥಿಂಗ್ ಮತ್ತು ಮೇನ್ ವೈರು ಮುಂದೂಡಬೇಡಿ. ಆ ಕರ್ರಗಾದ ತುದಿ ಕೈಯಲ್ಲಿ ಹಿಡಿದ ಮೇಲೆ ರಾತ್ರಿ ನೆಮ್ಮದಿಯಿಂದ ಮಲಗಲು ಆಗುತ್ತಿಲ್ಲ. ಇನ್ವರ್ಟರ್‌ಗಾದರೂ ಹೂಂ ಅನ್ನಿ.

ಇದೇ ತಿಂಗಳ ಕೊನೆಯೊಳಗೆ ಹೇಳಿದರೆ ಫೆಬ್ರುವರಿಯಲ್ಲಿ ಕಾಗದದ ಕೆಲಸ ಶುರು ಮಾಡುತ್ತೇನೆ. ಶರಣಬಸವೇಶ್ವರ ಜಾತ್ರೆಗೆ ನೀವು ಬರುತ್ತೀರಲ್ಲ, ಆಗ ವೈರಿಂಗ್ ಕಣ್ಣಾರೆ ನೋಡಿಯೇ ಗುತ್ತಿಗೆದಾರರಿಗೆ ಕೊನೆಯ ಕಂತು ಕೊಡೋಣ. ಯಾವುದಾದರೂ ಅಂಕಿ ಜಾಸ್ತಿ ಅನ್ನಿಸಿದರೆ ನಿಮಗೆ ಗೊತ್ತಿರುವ ವೈರ್‌ಮನ್‌ನಿಂದಲೂ ಒಂದು ಅಂದಾಜು ತರಿಸಿ, ನನಗೇನೂ ಬೇಜಾರಿಲ್ಲ.

ಸುಟ್ಟ ಫ್ಯೂಜನ್ನು ಎಸೆದಿಲ್ಲ. ನೀವು ಬಂದಾಗ ತೋರಿಸಲು ಡಬ್ಬಿಯಲ್ಲಿ ಇಟ್ಟಿದ್ದೇನೆ. ಕಾಕುಗೆ ನಮ್ಮವಳ ಶರಣು ತಿಳಿಸಿ. ಜಾತ್ರೆಗೆ ಬಂದ ದಿನ ಕೆಳಗೆ ಒಲೆ ಹಚ್ಚಬೇಡಿ, ಊಟ ಮೇಲೆಯೇ.

ನಿಮ್ಮ
ಮಲ್ಲಿಕಾರ್ಜುನ
(ಮೇಲಿನ ಮನೆ)