ಸ್ಟೋರಿಬೋರ್ಡ್, ದೃಶ್ಯ 14: ತೋಟದ ದಾರಿ

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟ. ಜುಲೈ ತಿಂಗಳು, ಬೆಳಗ್ಗೆ 6.30, ದಟ್ಟ ಮಂಜು. ಹತ್ತು ವರ್ಷದ ಸುಮಿ ಸ್ಕೂಲ್ ಬಸ್ ಹಿಡಿಯಲು ಒಬ್ಬಳೇ ಹೊರಟಿದ್ದಾಳೆ. ದಾರಿಯ ಹತ್ತಿರವೇ ಮಂಜಿನಲ್ಲಿ ಒಂದು ಆನೆ ಇದೆ. ಫ್ರೇಮ್ 16:9. ಮಾತಿಲ್ಲ, ಸಂಗೀತವೂ ಇಲ್ಲ. ಆನೆಯನ್ನು ಎಲ್ಲೂ ಪೂರ್ತಿ ಬಿಡಿಸಬೇಡಿ.

ಪ್ಯಾನೆಲ್ 1: ವೈಡ್. ಕ್ಯಾಮೆರಾ ಸುಮಿಯ ಕಣ್ಣಿನ ಎತ್ತರದಲ್ಲಿ. ಹಿಂದೆ ಕಾಫಿ ಗಿಡ, ಸಿಲ್ವರ್ ಓಕ್, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಸುಮಿ ಎಡಗಡೆ, ಬಲಕ್ಕೆ ನಡೆಯುತ್ತಿದ್ದಾಳೆ. ಅವಳ ಮುಂದೆ ಧಾರಾಳವಾಗಿ ಜಾಗ ಬಿಡಿ. ಈ ಜಾಗವನ್ನೇ ಮುಂದಿನ ಪ್ಯಾನೆಲ್‌ಗಳಲ್ಲಿ ಸ್ವಲ್ಪ ಸ್ವಲ್ಪವೇ ಕಿತ್ತುಕೊಳ್ಳುತ್ತೇವೆ.

ಪ್ಯಾನೆಲ್ 2: ನೇರ ಮೇಲಿನಿಂದ. ಒಡೆದ ಹಲಸಿನ ಹಣ್ಣು, ಕೆಸರಲ್ಲಿ ಚೆಲ್ಲಿದ ತೊಳೆ. ಪಕ್ಕದಲ್ಲಿ ಲದ್ದಿ, ಅದರಿಂದ ಹಬೆ. ಫ್ರೇಮಿನ ಅಂಚಿನಲ್ಲಿ ಅವಳ ಹವಾಯಿ ಚಪ್ಪಲಿಯ ತುದಿ ಮಾತ್ರ. ಹಬೆಯನ್ನು ಮರೆಯಬೇಡಿ. ಆನೆ ಇನ್ನೂ ಇಲ್ಲೇ ಎಲ್ಲೋ ಇದೆ ಅಂತ ಹೇಳುವುದು ಅದೊಂದೇ.

ಪ್ಯಾನೆಲ್ 3: ಕ್ಲೋಸಪ್. ಮಡಚಿದ ಕೊಡೆಯ ಹಿಡಿ, ಅದನ್ನು ಬಿಗಿಯಾಗಿ ಹಿಡಿದ ಬೆರಳುಗಳು.

ಪ್ಯಾನೆಲ್ 4: ಮತ್ತೆ ವೈಡ್. ಈ ದೃಶ್ಯದ ಜೀವ ಇಲ್ಲೇ ಇದೆ. ಸುಮಿ ಈಗ ಫ್ರೇಮಿನ ಬಲ ಅಂಚಿಗೆ ಅಂಟಿಕೊಂಡಂತೆ ನಿಂತಿದ್ದಾಳೆ, ಮುಖವೂ ಬಲಕ್ಕೇ. ಮೂಗಿನ ಮುಂದೆ ಜಾಗವೇ ಇಲ್ಲ. ಬೆನ್ನ ಹಿಂದೆ ಮುಕ್ಕಾಲು ಫ್ರೇಮ್ ಬರೀ ಮಂಜು. ಅಲ್ಲಿ ನೆರಳು, ಸೊಂಡಿಲಿನ ಗೆರೆ ಏನೂ ಬೇಡ, ಆಸೆ ಆದರೂ ಬೇಡ. ಏನಾದರೂ ಕಂಡರೆ ನೋಡುವವರು ಆನೆಯನ್ನು ನೋಡುತ್ತಾರೆ, ಹುಡುಗಿಯನ್ನು ಬಿಟ್ಟುಬಿಡುತ್ತಾರೆ. ಖಾಲಿ ಇದ್ದರೆ ಅವಳ ಜೊತೆ ಅವರೂ ಕಾಯುತ್ತಾರೆ. ಈ ಪ್ಯಾನೆಲ್ 4 ಸೆಕೆಂಡ್ ನಿಲ್ಲಲಿ.

ಪ್ಯಾನೆಲ್ 5: ಹೈ ಆ್ಯಂಗಲ್. ಮುಂದೆ ಮಸುಕಾದ ದೊಡ್ಡ ಎಲೆಗಳು, ಅವುಗಳ ಸಂದಿಯಲ್ಲಿ ಪುಟ್ಟದಾಗಿ ಸುಮಿ. ಎಲ್ಲ ಬಳ್ಳಿಗಳೂ ಸುಮ್ಮನಿವೆ. ಒಂದು ಮಾತ್ರ ತೂಗುತ್ತಿದೆ.

ಪ್ಯಾನೆಲ್ 6: ಎಕ್ಸ್‌ಟ್ರೀಮ್ ಕ್ಲೋಸಪ್, ಹುಬ್ಬಿನಿಂದ ತುಟಿವರೆಗೆ. ಕಣ್ಣರಳಿಸಿ ಬಾಯಿ ತೆರೆದ ಮುಖ ಬೇಡ, ಅದು ಎಲ್ಲ ಕಡೆ ನೋಡಿದ್ದೇ ಅಲ್ವಾ. ತುಟಿ ಮುಚ್ಚಿದೆ. ತಲೆ ಅಲುಗಿಲ್ಲ, ಕಣ್ಣಗುಡ್ಡೆ ಮಾತ್ರ ಹಿಂದಕ್ಕೆ, ಎಡ ಮೂಲೆಗೆ ಸರಿದಿದೆ. ತಿರುಗಿ ನೋಡುವಷ್ಟು ಧೈರ್ಯವೂ ಅವಳಿಗಿಲ್ಲ.

ಪ್ಯಾನೆಲ್ 7: ನೆಲದ ಮಟ್ಟ. ಕೆಸರಲ್ಲಿ ಹೂತು ಉಳಿದ ಒಂದು ಚಪ್ಪಲಿ. ಹಿಂದೆ ಮಸುಕಾಗಿ ಗಿಡಗಳೊಳಗೆ ನುಗ್ಗುತ್ತಿರುವ ಬರಿಗಾಲು.

ಪ್ಯಾನೆಲ್ 8: ಕಾಫಿ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ ಸುಮಿ, ಫ್ರೇಮಿನ ನಡುವೆ. ಮೂರೂ ಕಡೆ ಕಪ್ಪು, ಕಾಂಡಗಳು ಕಂಬಿಗಳ ಹಾಗೆ ಅಡ್ಡ. ಕೊಡೆಯನ್ನು ಎದೆಗೆ ಒತ್ತಿಕೊಂಡಿದ್ದಾಳೆ. ಎಡದಿಂದ ಸುಕ್ಕುಗಟ್ಟಿದ ಬೂದು ಕಾಲೊಂದು ಬಂದು ಇಡೀ ಫ್ರೇಮನ್ನು ಮುಚ್ಚುತ್ತದೆ. ಅಲ್ಲೇ ಕಟ್. ಬಸ್ಸಿನ ಹಾರ್ನ್ ಇಲ್ಲಿ ಬೇಡ, ಅದು 15ನೇ ದೃಶ್ಯದ ಮೊದಲ ಸದ್ದು.